ಸಂದರ್ಶನದ ಮರುದಿನದ ಕಾಗದ

ಪಾವಗಡದ ಕಡೆಯ ಸೋದರಿಯೊಬ್ಬರು ನಮಗೆ ದೀರ್ಘವಾದ ಕಾಗದವೊಂದನ್ನು ಬರೆದಿದ್ದಾರೆ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ ಇವರು ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುವ ಸಲುವಾಗಿ ಬೆಂಗಳೂರಿನ ಖಾಸಗಿ ಧರ್ಮದತ್ತಿಯೊಂದರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಕೊಂಡಿದ್ದರು. ಸಂದರ್ಶನಕ್ಕೆ ಕರೆ ಬಂತು, ಹೋಗಿ ಬಂದರು. ಮೂವರು ಹಿರಿಯರು ಇಪ್ಪತ್ತು ನಿಮಿಷ ಕನ್ನಡದಲ್ಲಿಯೇ ಮಾತನಾಡಿಸಿದರಂತೆ. ಅಂದು ಸಂಜೆ ಬಸ್ಸಿನಲ್ಲಿ ಊರಿಗೆ ಮರಳುವಾಗ, ಒಂದು ವಂದನೆಯ ಕಾಗದ ಬರೆಯಬೇಕೆಂಬ ಯೋಚನೆ ಇವರಿಗೆ ಬಂದಿತು. ಮನೆಗೆ ಬಂದು ಹೇಳಿದರೆ ಎರಡು ಪಕ್ಷಗಳಾದವು.

ತಂದೆಯವರದು ಒಂದೇ ಮಾತು: "ಕೇಳಿದ್ದಕ್ಕೆ ಉತ್ತರ ಹೇಳಿ ಬಂದಾಯಿತಲ್ಲ, ಇನ್ನು ಕಾಗದ ಬರೆದರೆ ಕೈಕಾಲು ಹಿಡಿದ ಹಾಗಾಗುತ್ತದೆ." ಸೋದರಮಾವನವರು ಇದಕ್ಕೆ ತೀರ ವಿರುದ್ಧ. ಬರೆಯುವುದಾದರೆ ಎಲ್ಲವನ್ನೂ ಬರೆಯಬೇಕು. ತಂದೆಯ ನಿವೃತ್ತಿವೇತನ ಎಷ್ಟು, ತಮ್ಮನ ಓದಿಗೆ ಎಷ್ಟು ಬೇಕು, ಶಾಲೆಯಲ್ಲಿ ಬಂದ ಬಹುಮಾನಗಳು ಯಾವುವು, ಒಂದನ್ನೂ ಬಿಡಬಾರದು ಎಂಬುದು ಅವರ ಸಲಹೆ. ಸೋದರಿ ಇಬ್ಬರ ಮಾತನ್ನೂ ಕೇಳಿ, ಕಡೆಗೆ ತಮಗೆ ತೋಚಿದಂತೆ ಬರೆದು ಕಳುಹಿಸಿದ್ದಾರೆ. ಹರಿದು ಹಾಕಿದ ಕರಡುಗಳನ್ನೂ ಕಳುಹಿಸಿದ ಕಾಗದವನ್ನೂ ನಮಗೆ ಕೊಟ್ಟು, ಹೆಸರು ಬಿಟ್ಟು ಪ್ರಕಟಿಸಲು ಅನುಮತಿಯನ್ನೂ ಕೊಟ್ಟಿದ್ದಾರೆ. "ನಾನು ಮಾಡಿದ್ದು ಸರಿಯೇ?" ಎಂಬುದು ಅವರ ಪ್ರಶ್ನೆ.

ತಂದೆಯವರ ಸಂಕೋಚವನ್ನು ಹಳೆಯ ಕಾಲದ ಬಿಗುಮಾನವೆಂದು ತಳ್ಳಿಹಾಕುವಂತಿಲ್ಲ. ಸರ್ಕಾರದ ಅನೇಕ ಆಯ್ಕೆಗಳ ಪ್ರಕಟಣೆಯಲ್ಲಿ, ಯಾವುದೇ ರೀತಿಯ ಶಿಫಾರಸು ಅಥವಾ ಒತ್ತಾಯ ತಂದರೆ ಅಭ್ಯರ್ಥಿ ಅನರ್ಹನಾಗುತ್ತಾನೆಂದು ಸ್ಪಷ್ಟವಾಗಿ ಅಚ್ಚಾಗಿರುತ್ತದೆ. ಕೆಲವು ಖಾಸಗಿ ಸಂಸ್ಥೆಗಳೂ ಸಂದರ್ಶನದ ನಂತರ ಪತ್ರವ್ಯವಹಾರ ಮಾಡಕೂಡದೆಂದು ಕರೆಯೋಲೆಯಲ್ಲಿಯೇ ತಿಳಿಸುತ್ತವೆ. ಅಂಥ ಮಾತು ಎಲ್ಲಿಯಾದರೂ ಕಂಡರೆ ಕಾಗದ ಬರೆಯಲೇಬಾರದು. ಎರಡು ಸಾಲಿನ ವಂದನೆಯೂ ಬೇಡ. ಆದುದರಿಂದ ಲೇಖನಿ ಹಿಡಿಯುವ ಮೊದಲು ಪ್ರಕಟಣೆಯನ್ನೂ ಕರೆಯೋಲೆಯನ್ನೂ ಇನ್ನೊಮ್ಮೆ ಮೊದಲಿನಿಂದ ಕಡೆಯತನಕ ಓದಬೇಕು. ನಮ್ಮ ಸೋದರಿಗೆ ಬಂದ ಈ-ಮೇಲ್ ಕರೆಯಲ್ಲಿ ಇಂಥ ನಿಷೇಧವೇನೂ ಇರಲಿಲ್ಲ. ಬದಲಾಗಿ, ವಿಚಾರಿಸುವುದೇನಾದರೂ ಇದ್ದರೆ ಕಾರ್ಯದರ್ಶಿಗಳಿಗೆ ಬರೆಯಬಹುದೆಂದಿತ್ತು. ಬಾಗಿಲು ತೆರೆದಿತ್ತು ಎಂದಾಯಿತು.

ಬಾಗಿಲು ತೆರೆದಿದ್ದರೂ ಒಳಗೆ ಏನನ್ನು ತೆಗೆದುಕೊಂಡು ಹೋಗಬೇಕು? ಇವರ ಮೊದಲ ಕರಡು ಹೀಗಿದೆ:

"ಇಂದು ನನ್ನನ್ನು ಸಂದರ್ಶಿಸಿದ್ದಕ್ಕೆ ಅನಂತ ಧನ್ಯವಾದಗಳು. ತಮ್ಮಂಥ ಮಹನೀಯರೊಡನೆ ಮಾತನಾಡುವ ಅವಕಾಶ ದೊರೆತದ್ದು ನನ್ನ ಭಾಗ್ಯ. ನಾನು ಈಗಾಗಲೇ ತಿಳಿಸಿದಂತೆ ನಮ್ಮ ತಾಲ್ಲೂಕಿನ 22 ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಪ್ರಮಾಣವನ್ನು ಅಳೆದಿದ್ದೇನೆ. ಈ ವಿಷಯದಲ್ಲಿ ನನಗೆ ಅಪಾರ ಆಸಕ್ತಿಯಿದೆ. ತಾವು ದಯಮಾಡಿ ನನ್ನನ್ನು ಪರಿಗಣಿಸಬೇಕೆಂದು ಪ್ರಾರ್ಥಿಸುತ್ತೇನೆ."

ವಿನಯಕ್ಕೆ ಕೊರತೆಯಿಲ್ಲ, ತಪ್ಪೂ ಇಲ್ಲ. ಆದರೆ ಇದನ್ನು ಓದುವವರ ಸ್ಥಾನದಲ್ಲಿ ನಿಂತು ನೋಡಿ. ಅವರ ಮುಂದೆ ಅಭ್ಯರ್ಥಿಯ ಕಡತ ತೆರೆದಿದೆ. 22 ಬಾವಿಗಳ ಮಾತು ಅರ್ಜಿಯಲ್ಲಿದೆ, ಅಧ್ಯಾಪಕರ ಪ್ರಶಂಸಾಪತ್ರದಲ್ಲಿದೆ, ಸಂದರ್ಶನದ ಟಿಪ್ಪಣಿಯಲ್ಲಿಯೂ ಇದೆ. ನಾಲ್ಕನೆಯ ಬಾರಿ ಅದನ್ನೇ ಕಂಡ ಕಣ್ಣು, ಹೊಸದೇನಾದರೂ ಇದೆಯೇ ಎಂದು ಕೆಳಗಿನ ಸಾಲಿಗೆ ಜಾರುತ್ತದೆ. ಅಲ್ಲಿ ಪ್ರಾರ್ಥನೆಯೊಂದು ಬಿಟ್ಟು ಬೇರೇನೂ ಸಿಗುವುದಿಲ್ಲ. "ನಾನು ಈಗಾಗಲೇ ತಿಳಿಸಿದಂತೆ" ಎಂಬ ಮಾತು ಬಂತೆಂದರೆ, ಆ ವಾಕ್ಯವನ್ನು ಅಲ್ಲಿಯೇ ಹೊಡೆದುಹಾಕಬಹುದೆಂದು ತಿಳಿಯಿರಿ. ತಿಳಿಸಿದ್ದಾಗಿದೆ ಎಂದು ಬರೆದವರೇ ಒಪ್ಪಿಕೊಂಡಂತಾಯಿತಲ್ಲ!

ಎರಡನೆಯ ಕರಡಿನಲ್ಲಿ ಮಾವನವರ ಕೈವಾಡ ಕಾಣುತ್ತದೆ. ಅದು ಎರಡು ಪುಟಗಳಷ್ಟಿದೆ. ಪ್ರೌಢಶಾಲೆಯ ಭಾಷಣ ಸ್ಪರ್ಧೆ, ಎನ್.ಎಸ್.ಎಸ್. ಶಿಬಿರ, ಮನೆಯ ತಾಪತ್ರಯ ಎಲ್ಲವೂ ಅದರಲ್ಲಿವೆ. ಇವುಗಳಲ್ಲಿ ಕೆಲವು ಹೊಸ ಸಂಗತಿಗಳೇ, ನಿಜ. ಆದರೆ ಯಾವುದನ್ನೂ ಯಾರೂ ಕೇಳಿರಲಿಲ್ಲ. ಮನೆಯ ವರಮಾನವನ್ನು ತೋರಿಸಲು ಅರ್ಜಿಯಲ್ಲಿ ಬೇರೆ ಅಂಕಣವೇ ಇತ್ತು, ತಹಸೀಲ್ದಾರರ ಪ್ರಮಾಣಪತ್ರವೂ ಅದರ ಜೊತೆಗೆ ಹೋಗಿತ್ತು. ಐದು ವಿಷಯಗಳನ್ನು ಒಟ್ಟಿಗೆ ಸೇರಿಸಿದರೆ, ಸಂದರ್ಶನದಲ್ಲಿ ಸೋತೆನೆಂಬ ಭಯದಿಂದ ಬರೆದ ಕಾಗದವೆಂದು ಓದುವವರಿಗೆ ಅನ್ನಿಸುತ್ತದೆ. ಮಾವನವರು ಕ್ಷಮಿಸಬೇಕು, ಅವರ ಕಕ್ಕುಲತೆ ದೊಡ್ಡದು, ಕಾಗದ ಮಾತ್ರ ಬಹಳ ಉದ್ದ.

ಎರಡನ್ನೂ ಹರಿದುಹಾಕಿದ ಮೇಲೆ ಸೋದರಿ ಮಾಡಿದ ಕೆಲಸ ಬಹಳ ಜಾಣತನದ್ದು. ಒಂದು ಹಾಳೆಯನ್ನು ತೆಗೆದುಕೊಂಡು, ನೆನಪು ಹಸಿಯಾಗಿರುವಾಗಲೇ, ಆ ಮೂವರು ಕೇಳಿದ ಪ್ರಶ್ನೆಗಳನ್ನು ಒಂದರ ಕೆಳಗೊಂದು ಬರೆದರು. ಒಂಬತ್ತು ಪ್ರಶ್ನೆಗಳು ನೆನಪಿಗೆ ಬಂದವು. ಎದುರಿಗೆ ತಾವು ಕೊಟ್ಟ ಉತ್ತರ. ಏಳಕ್ಕೆ ನೆಟ್ಟಗೆ ಉತ್ತರ ಹೇಳಿದ್ದರು. ಒಂದಕ್ಕೆ ಗೊತ್ತಿಲ್ಲವೆಂದು ಒಪ್ಪಿಕೊಂಡಿದ್ದರು. ಅದನ್ನು ಹಾಗೆಯೇ ಬಿಟ್ಟರು, ಅದು ಒಳ್ಳೆಯದೇ ಆಯಿತು. ಗೊತ್ತಿಲ್ಲವೆಂದ ಪ್ರಶ್ನೆಗೆ ರಾತ್ರಿಯೆಲ್ಲ ಪುಸ್ತಕ ಹುಡುಕಿ ಮರುದಿನ ಉತ್ತರ ಕಳುಹಿಸಿದರೆ, ಅದು ಪುಸ್ತಕದ ಉತ್ತರವೇ ಹೊರತು ಅಭ್ಯರ್ಥಿಯ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಉಳಿದ ಒಂದು ಪ್ರಶ್ನೆಗೆ ಮಾತ್ರ ಅರ್ಧ ಉತ್ತರವಾಗಿತ್ತು. ಕಾಗದದ ವಸ್ತು ಅಲ್ಲಿದೆ.

ಆ ಪ್ರಶ್ನೆಯನ್ನು ಕೇಳಿದವರು ಮಂಡಳಿಯ ಹಿರಿಯ ಸದಸ್ಯರು. "ನೀನು ಏಪ್ರಿಲ್ ತಿಂಗಳಿನ ನೀರನ್ನಷ್ಟೇ ನೋಡಿದ್ದೀಯಲ್ಲಮ್ಮ, ಮಳೆ ಬಿದ್ದ ಮೇಲೂ ಈ ಲೆಕ್ಕ ಹೀಗೆಯೇ ನಿಲ್ಲುತ್ತದೆಯೇ?" ಎಂದರಂತೆ. ಬಹಳ ಹದವಾದ ಪ್ರಶ್ನೆ. ನಮ್ಮ ಬಯಲುಸೀಮೆಯ ಗ್ರಾನೈಟಿನಂಥ ಕಲ್ಲುಗಳಲ್ಲಿರುವ ಫ್ಲೋರೈಡ್ ನಿಧಾನವಾಗಿ ಅಂತರ್ಜಲದಲ್ಲಿ ಕರಗುತ್ತದೆ. ಮಳೆನೀರು ಇಂಗಿದರೆ ಅದು ತಿಳಿಯಾಗಿ ಪ್ರಮಾಣ ಇಳಿಯುವುದುಂಟು. ಕೆಲವೆಡೆ ಇಂಗುವ ನೀರೇ ಮೇಲಿನ ಪದರದ ಲವಣಗಳನ್ನು ಕೆಳಕ್ಕೆ ಒಯ್ದು ಪ್ರಮಾಣ ಏರುವುದೂ ಉಂಟು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಗೊತ್ತುಮಾಡಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ 1.5ರ ತನಕ ಒಪ್ಪಬಹುದು. ಹೀಗಿರುವಾಗ ಒಂದು ಬಾವಿಯ ನೀರನ್ನು ಯಾವ ತಿಂಗಳಲ್ಲಿ ಅಳೆದರು ಎಂಬುದರ ಮೇಲೆ ಆ ನೀರು ಕುಡಿಯಲು ಯೋಗ್ಯವೇ ಅಲ್ಲವೇ ಎಂಬ ತೀರ್ಪೇ ಬದಲಾಗಬಹುದು. ನಮ್ಮ ಸೋದರಿ, "ವರದಿಯಲ್ಲಿ ಏಪ್ರಿಲ್ ಮಾತ್ರ ಇದೆ ಸಾರ್. ಮಳೆಯ ನಂತರ ಇಳಿಯಬಹುದು" ಎಂದರಂತೆ. ಅಷ್ಟರಲ್ಲಿ ಇನ್ನೊಬ್ಬ ಸದಸ್ಯರು ಬೇರೊಂದು ಪ್ರಶ್ನೆಯನ್ನು ಎತ್ತಿದರು.

ಇವರು ಹೇಳಿದ್ದು ಸುಳ್ಳಲ್ಲ, ಪೂರ್ತಿಯೂ ಅಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಆ 22ರ ಪೈಕಿ ಆರು ಬಾವಿಗಳ ನೀರನ್ನು ಇವರು ಮತ್ತೊಮ್ಮೆ ತಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಳೆದಿದ್ದರು. ಆರು ಬಾವಿಗಳಿಂದ ಏನನ್ನೂ ಸಾಧಿಸಲಾಗದೆಂದು ಅಧ್ಯಾಪಕರು ಅದನ್ನು ವರದಿಗೆ ಸೇರಿಸಿರಲಿಲ್ಲ. ಅಳತೆಗಳು ಪ್ರಯೋಗದ ಪುಸ್ತಕದಲ್ಲಿ ತಾರೀಕು ಸಹಿತ ಉಳಿದಿದ್ದವು. ಸಂದರ್ಶನದ ಗಡಿಬಿಡಿಯಲ್ಲಿ ಅದು ಇವರ ಬಾಯಿಗೆ ಬರಲಿಲ್ಲ.

ಇಂಥ ಸಂಗತಿ ಕಾಗದಕ್ಕೆ ತಕ್ಕದ್ದೇ ಎಂದು ತಿಳಿಯಲು ಅದನ್ನು ಸ್ವಲ್ಪ ಕೆದಕಿ ನೋಡಬೇಕು. ಮಂಡಳಿಯವರೇ ಕೇಳಿದ್ದಕ್ಕೆ ಇದು ಸೇರುತ್ತದೆಯೇ? ಸೇರುತ್ತದೆ. ಅರ್ಜಿಯಲ್ಲಿ ಮೊದಲೇ ಬಂದಿದೆಯೇ? ಇದನ್ನು ನೆನಪಿನ ಮೇಲೆ ನಿರ್ಧರಿಸಬಾರದು. ಅರ್ಜಿಯ ಪ್ರತಿಯನ್ನು ತೆಗೆದು ಓದಬೇಕು. ಇವರು ಓದಿದರು, ಅದರಲ್ಲಿ ಇರಲಿಲ್ಲ. ಸಂದರ್ಶನಕ್ಕೆ ಮೊದಲೇ ನಡೆದ ಸಂಗತಿಯೇ, ಯಾರಾದರೂ ಕೇಳಿದರೆ ತೋರಿಸಲು ಆಧಾರವಿದೆಯೇ? ಪ್ರಯೋಗದ ಪುಸ್ತಕವಿದೆ, ಅದರ ಮೇಲೆ ಅಧ್ಯಾಪಕರ ಸಹಿಯೂ ಇದೆ. ಮೂರು ನಾಲ್ಕು ವಾಕ್ಯಗಳಲ್ಲಿ ಮುಗಿಯುತ್ತದೆಯೇ? ಇದೊಂದು ಸ್ವಲ್ಪ ಕಷ್ಟ. ಬರೆಯಲು ಕುಳಿತರೆ ಪೀಠಿಕೆಯೇ ಒಂದು ಪುಟವಾಗುತ್ತದೆ. ಇವರು ಎಷ್ಟರಲ್ಲಿ ಮುಗಿಸಿದ್ದಾರೆಂಬುದನ್ನು ವಾಚಕರೇ ನೋಡಲಿ. ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಕಾರ್ಯದರ್ಶಿಗಳಿಗೆ ಕಳುಹಿಸಿದ ಕಾಗದ ಇದು:

"ಮಾನ್ಯ ಕಾರ್ಯದರ್ಶಿಗಳೇ,

ನಿನ್ನೆ ನಡೆದ ಸಂದರ್ಶನಕ್ಕಾಗಿ ತಮಗೂ ಮಂಡಳಿಯ ಸದಸ್ಯರಿಗೂ ನನ್ನ ವಂದನೆಗಳು. ಮಳೆಗಾಲದ ನಂತರದ ಅಳತೆಯ ಬಗ್ಗೆ ಹಿರಿಯ ಸದಸ್ಯರು ಕೇಳಿದ ಪ್ರಶ್ನೆ ನನ್ನನ್ನು ಊರಿನ ತನಕ ಯೋಚನೆಗೆ ಹಚ್ಚಿತು.

ಆ ಪ್ರಶ್ನೆಗೆ ಸಂಬಂಧಿಸಿದಂತೆ ನಿನ್ನೆ ಹೇಳದೆ ಉಳಿದ ಒಂದು ಸಂಗತಿಯಿದೆ. ವರದಿಯಲ್ಲಿ ಸೇರದಿದ್ದರೂ, ಅಕ್ಟೋಬರಿನಲ್ಲಿ ಆರು ಬಾವಿಗಳ ನೀರನ್ನು ಮತ್ತೆ ಅಳೆದಿದ್ದೆ. ನಾಲ್ಕರಲ್ಲಿ ಫ್ಲೋರೈಡ್ ಇಳಿದಿತ್ತು, ಎರಡರಲ್ಲಿ ಏರಿತ್ತು. ಆದುದರಿಂದ ಮಳೆಯ ನಂತರ ಇಳಿಯಬಹುದೆಂದು ನಾನು ಕೊಟ್ಟ ಉತ್ತರ ಎಲ್ಲ ಬಾವಿಗಳಿಗೂ ಅನ್ವಯಿಸುವುದಿಲ್ಲ. ಆರು ಬಾವಿಗಳಿಂದ ಕಾರಣವನ್ನು ಹೇಳಲು ನನಗೆ ಸಾಧ್ಯವಿಲ್ಲ. ಅಧ್ಯಾಪಕರ ಸಹಿಯಿರುವ ಪ್ರಯೋಗದ ಪುಸ್ತಕದ ಪುಟಗಳು ನನ್ನಲ್ಲಿವೆ, ಬೇಕೆಂದರೆ ಕಳುಹಿಸುತ್ತೇನೆ.

ಇದನ್ನು ಮಂಡಳಿಯವರ ಗಮನಕ್ಕೆ ತರಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,"

ಇದರ ಕೆಳಗೆ ಹೆಸರು, ಅರ್ಜಿಯ ಸಂಖ್ಯೆ, ದೂರವಾಣಿಯ ಸಂಖ್ಯೆ. ಅಷ್ಟೇ.

ಮೊದಲ ಕರಡಿನ "ಅನಂತ ಧನ್ಯವಾದ" ಇಲ್ಲಿ ಒಂದೇ "ವಂದನೆ"ಯಾಗಿದೆ. ಆದರೂ ಕೃತಜ್ಞತೆ ಕಡಿಮೆಯಾದಂತೆ ಕಾಣುವುದಿಲ್ಲ. ಏಕೆಂದರೆ ಒಬ್ಬರು ಕೇಳಿದ ಪ್ರಶ್ನೆಯನ್ನು ಊರಿನ ತನಕ ಹೊತ್ತು ತಂದೆನೆಂಬ ಮಾತು ಇದರಲ್ಲಿದೆ. ತಮ್ಮ ಪ್ರಶ್ನೆಯನ್ನು ಹುಡುಗಿ ಕಿವಿಗೊಟ್ಟು ಕೇಳಿದ್ದಳೆಂದು ಆ ಹಿರಿಯರಿಗೆ ತಿಳಿಯಲು ಇದಕ್ಕಿಂತ ಬೇರೆ ಬಿರುದುಬಾವಲಿ ಬೇಕಿಲ್ಲ. ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಧನ್ಯವಾದ ಹೇಳುವ ರೂಢಿ ಅಷ್ಟಾಗಿ ಇಲ್ಲ. ಅದಕ್ಕೇ ಬರೆಯುವಾಗ ಎಷ್ಟು ಹಾಕಬೇಕೆಂದು ತಿಳಿಯದೆ, ಸಾರಿಗೆ ಉಪ್ಪು ಹೆಚ್ಚಾದಂತೆ ಮಾಡಿಬಿಡುತ್ತೇವೆ.

ಹೊಸ ಸಂಗತಿ ಯಾವ ರೀತಿಯದು ಎಂಬುದನ್ನೂ ಗಮನಿಸಿ. ಅದು ಇವರನ್ನು ಹೊಗಳುವುದಿಲ್ಲ. ನಿನ್ನೆಯ ಉತ್ತರವನ್ನೇ ಸ್ವಲ್ಪ ಮೊಟಕುಗೊಳಿಸುತ್ತದೆ. ನಾಲ್ಕು ಬಾವಿಗಳ ಇಳಿತವನ್ನು ಮಾತ್ರ ಬರೆದು, ಏರಿದ ಎರಡನ್ನು ಬಿಟ್ಟಿದ್ದರೆ ನಿನ್ನೆಯ ಮಾತಿಗೆ ಸಾಕ್ಷಿ ಒದಗಿಸಿದಂತಾಗುತ್ತಿತ್ತು. ಆದರೆ ಪುಟಗಳನ್ನು ಕಳುಹಿಸಿ ಎಂದು ಅವರು ಬರೆದ ದಿನವೇ ಆ ಕಾಗದದ ಬಣ್ಣ ಬಯಲಾಗುತ್ತಿತ್ತು. ಆರು ಬಾವಿಗಳಿಂದ ಕಾರಣ ಹೇಳಲಾರೆ ಎಂಬ ವಾಕ್ಯವೇ ನಮ್ಮ ದೃಷ್ಟಿಯಲ್ಲಿ ಇಡೀ ಕಾಗದದ ಬೆನ್ನೆಲುಬು. ಸಂಶೋಧನೆಗೆ ಹಣ ಕೊಡುವವರು ತಮ್ಮ ಅಳತೆಯ ಮಿತಿಯನ್ನು ಬಲ್ಲ ವಿದ್ಯಾರ್ಥಿಯನ್ನು ಹುಡುಕುತ್ತಿರುತ್ತಾರೆ. ಆ ಗುಣವನ್ನು "ನಾನು ಪ್ರಾಮಾಣಿಕಳು" ಎಂದು ಬರೆದು ತೋರಿಸಲಾಗುವುದಿಲ್ಲ.

ಒಂದು ಸಣ್ಣ ತಕರಾರು ಮಾತ್ರ ನಮ್ಮದಿದೆ. ಅಳತೆಯ ಅಂಕೆಗಳನ್ನು ಒಂದು ಬಾವಿಗಾದರೂ ಕೊಡಬಹುದಿತ್ತು. ಇಳಿಯಿತು, ಏರಿತು ಎಂದರೆ ಎಷ್ಟು? 1.4 ಇದ್ದದ್ದು 1.6 ಆದರೆ ಒಪ್ಪಬಹುದಾದ ಮಿತಿಯನ್ನೇ ದಾಟಿದಂತೆ, 2.5 ಇದ್ದದ್ದು 2.6 ಆದರೆ ಉಪಕರಣದ ಅಲುಗಾಟವೂ ಇರಬಹುದು. ಓದುವವರು ರಸಾಯನಶಾಸ್ತ್ರ ಬಲ್ಲವರಾಗಿದ್ದರೆ ಮೊದಲು ಇದನ್ನೇ ಕೇಳುತ್ತಾರೆ. ಆದರೆ ಆರು ಬಾವಿಗಳ ಪಟ್ಟಿಯನ್ನೇ ಲಗತ್ತಿಸದೆ ಬಿಟ್ಟದ್ದು ಸರಿಯಾಯಿತು. ಕೇಳದೆ ಕಳುಹಿಸಿದ ಲಗತ್ತುಗಳು ಹೊಸ ಅರ್ಜಿಯಂತೆ ಕಾಣುತ್ತವೆ. ಕೆಲವು ಸಂಸ್ಥೆಗಳು ಕೊನೆಯ ತಾರೀಕಿನ ನಂತರ ಬಂದ ದಾಖಲೆಗಳನ್ನು ನೋಡುವುದೇ ಇಲ್ಲ.

ಕಳುಹಿಸಿದ ಬಗೆಯೂ ಉಚಿತವಾಗಿದೆ. ಸಂದರ್ಶನದ ಕರೆ ಬಂದ ಈ-ಮೇಲಿಗೇ ಉತ್ತರವಾಗಿ ಬರೆದುದರಿಂದ ಹಿಂದಿನ ಪತ್ರವ್ಯವಹಾರವೂ ಅರ್ಜಿಯ ಸಂಖ್ಯೆಯೂ ಅದರ ಜೊತೆಗೇ ಹೋದವು. ಕಚೇರಿಯಲ್ಲಿ ಯಾರೂ ಹುಡುಕಬೇಕಾಗಿಲ್ಲ. ಸದಸ್ಯರಲ್ಲಿ ಒಬ್ಬರು ನಿವೃತ್ತ ಪ್ರಾಧ್ಯಾಪಕರೆಂದೂ ಅವರ ಮೊಬೈಲ್ ಸಂಖ್ಯೆ ಪರಿಚಿತರೊಬ್ಬರ ಬಳಿ ಇದೆಯೆಂದೂ ಮಾವನವರು ಸೂಚಿಸಿದ್ದರಂತೆ. ಸೋದರಿ ಒಪ್ಪಲಿಲ್ಲ. ಒಬ್ಬ ಸದಸ್ಯರಿಗೆ ಗುಟ್ಟಾಗಿ ವಾಟ್ಸಾಪಿನಲ್ಲಿ ಬಂದ ವಂದನೆಯನ್ನು ಅವರು ಉಳಿದಿಬ್ಬರಿಂದ ಮುಚ್ಚಿಡಬೇಕಾಗುತ್ತದೆ, ಇಲ್ಲವೇ ಬಂತೆಂದು ಹೇಳಬೇಕಾಗುತ್ತದೆ. ಎರಡೂ ಅವರಿಗೆ ಇಕ್ಕಟ್ಟು. ತಂದೆಯವರು ಕೈಕಾಲು ಹಿಡಿಯುವುದು ಎಂದು ಹೆದರಿದ್ದು ಇಂಥದಕ್ಕೇ. ಕಾರ್ಯದರ್ಶಿಗಳ ಮೂಲಕ ಮೂವರಿಗೂ ಕಾಣುವಂತೆ ಬಂದ ಕಾಗದಕ್ಕೆ ಆ ಆಕ್ಷೇಪ ತಟ್ಟುವುದಿಲ್ಲ.

ಬೇಗ ಕಳುಹಿಸಬೇಕೆಂಬುದಕ್ಕೂ ಕಾರಣವಿದೆ. ಅನೇಕ ಕಡೆ ಸಂದರ್ಶನ ಮಾಡಿದವರು ಅಂದೇ ಅಂಕಗಳನ್ನು ಬರೆದಿಟ್ಟು ಏಳುತ್ತಾರೆ. ಪಟ್ಟಿ ಆಮೇಲೆ ಧರ್ಮದರ್ಶಿಗಳ ಸಭೆಗೆ ಹೋಗುತ್ತದೆ. ಆ ನಡುವಣ ಅವಕಾಶದಲ್ಲಿ ಕಡತಕ್ಕೆ ಸೇರಿದ ಹಾಳೆಯನ್ನು ಯಾರಾದರೂ ಓದಬಹುದು. ಸಮಸಮ ಬಂದ ಇಬ್ಬರಲ್ಲಿ ಒಬ್ಬರನ್ನು ಆರಿಸುವಾಗ ಅದು ಲೆಕ್ಕಕ್ಕೆ ಬರಬಹುದು. ಕಡಿಮೆ ಅಂಕ ಬಂದವರನ್ನು ಒಂದು ಕಾಗದ ಮೇಲಕ್ಕೆ ಎತ್ತುತ್ತದೆಂದು ಮಾತ್ರ ಯಾರೂ ನಂಬಬಾರದು.

ಇಂಥ ಅರ್ಧ ಉತ್ತರ ಎಲ್ಲರ ಪಟ್ಟಿಯಲ್ಲಿಯೂ ಸಿಗುವುದಿಲ್ಲ. ಹೇಳಲು ಏನೂ ಉಳಿದಿಲ್ಲವೆಂದಾದರೆ ಎರಡು ಸಾಲಿನ ವಂದನೆ ಸಾಕು. ಸೇರಿಸಬೇಕೆಂಬ ಹಟದಿಂದ ಏನನ್ನಾದರೂ ಕೆದಕಿ ತರುವುದು ಬೇಡ. ಇದಕ್ಕೆ ಬದಲಾಗಿ, ಸಂದರ್ಶನದಲ್ಲಿ ಒಂದು ಸಂಗತಿಯನ್ನೇ ತಪ್ಪಾಗಿ ಹೇಳಿದ್ದು ಆಮೇಲೆ ನೆನಪಾಯಿತೆನ್ನಿ, ಉದಾಹರಣೆಗೆ ಅಂತಿಮ ವರ್ಷದ ಶೇಕಡಾವಾರನ್ನು ತಪ್ಪಾಗಿ ಹೇಳಿದಿರಿ. ಆಗ ಬೇರೆ ಎಲ್ಲವನ್ನೂ ಬಿಟ್ಟು ಅದನ್ನು ತಿದ್ದಬೇಕು. ಕಾಗದದಲ್ಲಿ ಒಂದೇ ವಿಷಯಕ್ಕೆ ಜಾಗ ಇರುವುದರಿಂದ ಆ ಜಾಗ ತಿದ್ದುಪಡಿಗೇ ಸೇರಿದ್ದು. ಹಾಗೆಯೇ ಸಂದರ್ಶನದ ಮರುವಾರ ವಿಶ್ವವಿದ್ಯಾನಿಲಯದ ಪ್ರವೇಶಪತ್ರ ಬಂದರೆ, ಅಥವಾ ಬೇರೊಂದು ಕಡೆಯಿಂದ ವಿದ್ಯಾರ್ಥಿವೇತನ ದೊರೆತರೆ, ಅದನ್ನೂ ತಿಳಿಸಬೇಕು. ಎರಡನೆಯದು ನಮಗೆ ಅನನುಕೂಲವೆಂದು ತೋರಬಹುದು. ಆದರೆ ಬೇರೆ ನೆರವು ಪಡೆದರೆ ತಿಳಿಸತಕ್ಕದ್ದೆಂಬ ನಿಬಂಧನೆ ಅನೇಕ ಅರ್ಜಿಗಳಲ್ಲಿ ನಾವು ಸಹಿ ಹಾಕುವ ಜಾಗದ ಮೇಲೆಯೇ ಇರುತ್ತದೆ.

ಪಾವಗಡದ ಸೋದರಿಗೆ ಮೂರು ದಿನದ ಮೇಲೆ ಕಾರ್ಯದರ್ಶಿಗಳಿಂದ ಒಂದು ಸಾಲಿನ ಉತ್ತರ ಬಂದಿತಂತೆ: ಪ್ರಯೋಗದ ಪುಸ್ತಕದ ಆ ಎರಡು ಪುಟಗಳನ್ನು ಕಳುಹಿಸಬೇಕೆಂದು. ಕಳುಹಿಸಿದ್ದಾರೆ. ಫಲಿತಾಂಶ ಇನ್ನೂ ಬಂದಿಲ್ಲ. ಅದು ಬರುವ ತನಕ ಮತ್ತೊಂದು ಕಾಗದ ಬರೆಯಲೇ ಎಂದು ಅವರು ಕೇಳಿದ್ದಾರೆ. ಬೇಡ. ಫಲಿತಾಂಶ ತಿಳಿಸುತ್ತೇವೆಂದು ಅವರು ಹೇಳಿದ ತಾರೀಕು ಕಳೆದು ಒಂದು ವಾರವಾದ ಮೇಲೆ ವಿಚಾರಿಸಬಹುದು. ಆ ಕಾಗದದಲ್ಲಿ ಬಾವಿಗಳ ಮಾತು ಬರಕೂಡದು.